ಹಜರತ್ ತಿದ್ದಿದ ರಂಜಾನ್ ವಿಡಿಯೋ

ಮೆಸೇಜ್ ಕಳಿಸಿ ಎರಡು ದಿನವಾಗಿತ್ತು. ಎರಡು ನೀಲಿ ಗೀಟು ಬಿದ್ದಿದ್ದವು, ಅಂದರೆ ಊರ ಮಸೀದಿಯ ಮೌಲಾನಾ ಓದಿದ್ದಾರೆ. ಉತ್ತರ ಮಾತ್ರ ಇಲ್ಲ. ನಾನು ಬಿಪಿ ನೋಡುತ್ತ ಒಮ್ಮೆ, ಗುಳಿಗೆ ಎಣಿಸುತ್ತ ಒಮ್ಮೆ, ಊಟದ ಡಬ್ಬಿ ಬಿಚ್ಚುತ್ತ ಒಮ್ಮೆ ಫೋನು ತೆಗೆದು ನೋಡುತ್ತಲೇ ಇದ್ದೆ. ನನ್ನದು ಹುಟ್ಟಾ ಅವಸರದ ಬುದ್ಧಿ. ಐನಾಪುರದಲ್ಲಿ ನಮ್ಮವ್ವ ಸಾಬಮ್ಮ ಈಗಲೂ ಹೇಳುತ್ತಾಳೆ, "ನೀ ಏಳು ತಿಂಗಳಿಗೇ ಹುಟ್ಟಬೇಕಂದಿದ್ದಿ, ನಾನೇ ತಡದೀನಿ" ಅಂತ.

"ಉತ್ತರ ಹ್ಯಾಂಗ ಬರ್ತಾದ್ರಿ ಸಿಸ್ಟರ್?" ಎಂದಳು ನಗ್ಮಾ. "ನೀವು ಏನ್ ಬರದೀರಿ, ನನಗೂ ತೋರಸ್ರಿ."

ನಗ್ಮಾ ನಮ್ಮ ಉಪಕೇಂದ್ರದ ಆಶಾ ಕಾರ್ಯಕರ್ತೆ. ನಾನು ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು ದೊಡ್ಡದು, ಕೋಣೆ ಎರಡು. ಶಹಾಬಾದಿನ ಆಚೆ ಕಲ್ಲಿನ ಗಣಿಗಳ ಪಕ್ಕದಲ್ಲಿ ನಮ್ಮ ಉಪಕೇಂದ್ರ. ಊರವರಿಗೆ ನಾನು ಸಿಸ್ಟರ್, ಅಷ್ಟೇ. ನಾನು ಫೋನು ಕೊಟ್ಟೆ. ನಗ್ಮಾ ಗಟ್ಟಿಯಾಗಿ ಓದಿದಳು.

"ನಮಸ್ಕಾರ ಸರ್. ರಂಜಾನ್ ಮತ್ತು ಶುಗರ್ ಬಗ್ಗೆ ಜಾಗೃತಿ ವಿಡಿಯೋದ ಸ್ಕ್ರಿಪ್ಟ್ ಲಗತ್ತಿಸಿದೆ. ತಾವು ನೋಡಿ ಓಕೆ ಎಂದು ತಿಳಿಸಿದರೆ ಇದೇ ವಾರ ಹಾಕುತ್ತೇವೆ. ಅರ್ಜೆಂಟ್."

ಓದಿ ಮುಗಿಸಿ ಅವಳು ನನ್ನನ್ನು ನೋಡಿದ ರೀತಿ ಇದೆಯಲ್ಲ, ಇಂಜೆಕ್ಷನ್ ಸೂಜಿ ನೆಲಕ್ಕೆ ಬಿದ್ದಾಗ ನಾನು ಅವಳನ್ನು ನೋಡುವ ರೀತಿ ಅದು.

"ಅಯ್ಯ ನಮ್ಮವ್ವಾ! ಮೌಲಾನಾ ಮುದಸ್ಸಿರ್ ಸಾಬರಿಗಿ 'ಸರ್' ಅಂದೀರಿ? 'ಓಕೆ' ಅನ್ರಿ ಅಂದೀರಿ? ಅವರೇನು ತಾಲೂಕ ಆಫೀಸಿನ ಕ್ಲರ್ಕಾ ಸಿಸ್ಟರ್, ಸಿಕ್ಕಾ ಹೊಡಿಲಿಕ್ಕ?"

"ಮತ್ತ ಅವಸರ ಅದಲ್ಲ ನಗ್ಮಾ!"

"ಅವಸರ ನಮಗದ. ಅವರಿಗೇನದ?"

ಮಾತು ಖರೆ. ಅವಸರ ನಮಗಿತ್ತು, ಅದರಲ್ಲೂ ನಗ್ಮಾಳಿಗಿತ್ತು. ಅವಳ ಅತ್ತೆ ತಾಜುನ್ನಿಸಾ ಖಾಲಾ ಇನ್ಸುಲಿನ್ ಮೇಲಿರುವ ಹೆಂಗಸು. ಹೋದ ರಂಜಾನಿನಲ್ಲಿ, ಯಾರು ಹೇಳಿದರೂ ಕೇಳದೆ ರೋಜಾದ ಉಪವಾಸ ಹಿಡಿದು, ಸಂಜೆಯ ಅಡುಗೆ ಮಾಡುತ್ತ ಒಲೆಯ ಮುಂದೆಯೇ ಕುಸಿದಿದ್ದಳು. ಸೆರಗಿಗೆ ಬೆಂಕಿ ತಗಲುವುದರೊಳಗೆ ನಗ್ಮಾ ಎಳೆದುಕೊಂಡಿದ್ದಳು. ಆಂಬುಲೆನ್ಸಿನಲ್ಲಿ ಕಲಬುರಗಿ ಸೇರುವವರೆಗೂ ಮುದುಕಿಗೆ ಮೈಮೇಲೆ ಖಬರಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳೇ ಕೇಳಿದ ಮೊದಲ ಮಾತು, "ಎಷ್ಟು ರೋಜಾ ಹೋದವು?"

ಈ ಸಲವೂ ಹಿಡಿಯುತ್ತೇನೆ ಎನ್ನುತ್ತಿದ್ದಳು. ನಾನು ಹೇಳಿದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಉಮಾದೇವಿ ಮೇಡಂ ಬೈದು ಹೇಳಿದರು. ಖಾಲಾ ನಮಗೆ ಚಹಾ ಕೊಟ್ಟು, ನಕ್ಕು, "ಡಾಕ್ಟರ್ ರಕ್ತ ನೋಡ್ತಾರ ಬೇಟಿ, ಈಮಾನ್ ನೋಡಂಗಿಲ್ಲ. ಹಜರತ್ ಹೇಳ್ಲಿ, ಆಗ ನೋಡಮು" ಎಂದಿದ್ದಳು. ಆ ಮಾತೇ ನನ್ನ ತಲೆಗೆ ಹೊಕ್ಕಿದ್ದು. ಹಜರತ್, ಅಂದರೆ ಮೌಲಾನಾ, ಹೇಳಲಿ! ಒಂದು ವಿಡಿಯೋ ಮಾಡಿಬಿಟ್ಟರೆ ಇವಳೊಬ್ಬಳೇ ಏನು, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿವರೆಗೂ ಇಂಥ ಎಷ್ಟು ಖಾಲಾಗಳ ಫೋನಿಗೆ ಮುಟ್ಟಬಹುದು! ಆ ದಿನ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಒಂದೇ ಪಟ್ಟಿಗೆ ಕೂತು ಸ್ಕ್ರಿಪ್ಟ್ ಬರೆದೆ. ಶುಗರಿನ ಭಾಗವನ್ನು ಉಮಾದೇವಿ ಮೇಡಂ ತಿದ್ದಿಕೊಟ್ಟರು. ಧರ್ಮದ ಭಾಗವನ್ನು ನಾನೇ ಅಲ್ಲಿ ಇಲ್ಲಿ ನೋಡಿ ಬರೆದು, "ಹಜರತರು ಹೇಳುತ್ತಾರೆ" ಎಂದು ಸೇರಿಸಿ, ಮೌಲಾನಾ ಅವರಿಗೆ ದಬ್ಬಿದ್ದೆ.

"ಈಗ ಏನ್ ಮಾಡಮು?" ಎಂದೆ.

"ಇನ್ನೊಂದು ಬರಿಯಮು. ಈ ಸಾರಿ ನಾ ಹೇಳ್ತೀನಿ, ನೀವು ಬರೀರಿ. ಮೊದಲ ಸಲಾಂ."

ಔಷಧಿ ಕಪಾಟಿನ ಮುಂದೆ ನಿಂತುಕೊಂಡೇ ಇಬ್ಬರೂ ಬರೆದೆವು. ನಾನು ಒಂದು ಸಾಲು ಹೊಡೆದರೆ ಅವಳು ಅರ್ಧ ಅಳಿಸುತ್ತಿದ್ದಳು. ಕೊನೆಗೆ ಹೋದದ್ದು ಇದು:

"ಅಸ್ಸಲಾಮು ಅಲೈಕುಂ ಹಜರತ್. ನಾನು ಮೈತ್ರಿ, ಉಪಕೇಂದ್ರದ ಸಿಸ್ಟರ್. ಮೊನ್ನೆಯ ಮೆಸೇಜು ಅವಸರದಲ್ಲಿ ಬರೆದದ್ದು, ಮಾಫಿ ಇರಲಿ. ಶುಗರ್ ಇದ್ದವರು ರಂಜಾನಿನಲ್ಲಿ ಜೀವಕ್ಕೆ ತೊಂದರೆ ಮಾಡಿಕೊಳ್ಳಬಾರದೆಂದು ಸಣ್ಣ ವಿಡಿಯೋ ಮಾಡುತ್ತಿದ್ದೇವೆ. ಕಾಯಿಲೆಯ ಮಾತನ್ನು ಡಾಕ್ಟರ್ ನೋಡಿದ್ದಾರೆ. ದೀನಿನ, ಅಂದರೆ ಧರ್ಮದ, ಮಾತು ನನಗೆ ಗೊತ್ತಿಲ್ಲ, ಗೊತ್ತಿಲ್ಲದೆಯೇ ಬರೆದಿದ್ದೇನೆ. ಯಾವುದು ತಪ್ಪು, ಯಾವುದು ನಾವು ಹೇಳುವ ಮಾತೇ ಅಲ್ಲ, ಎರಡನ್ನೂ ತಿಳಿಸಿಕೊಡಬೇಕು. ನೀವು ನೋಡಿ ಹೇಳುವತನಕ ಹಾಕುವುದಿಲ್ಲ. ನೀವು ಒಪ್ಪದೆ ನಿಮ್ಮ ಹೆಸರನ್ನೂ ಹಾಕುವುದಿಲ್ಲ. ರಂಜಾನ್ ಚಾಂದ್ ಕಾಣುವ ಮೊದಲು ಆದರೆ ಮಂದಿಗೆ ಉಪಯೋಗ."

ಕಳಿಸಿದ ಮೇಲೆ ನಗ್ಮಾ ಮನೆಮನೆ ತಿರುಗಲು ಹೋದಳು. ನಾನು ಫೋನನ್ನು ಮೇಜಿನ ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ, ನೋಡಲೇಬಾರದು ಅಂತ. ಒಬ್ಬ ಗರ್ಭಿಣಿಯ ಹೊಟ್ಟೆ ನೋಡುವಷ್ಟರಲ್ಲಿ ಡ್ರಾಯರ್ ಟಿಂಗ್ ಎಂದಿತು. ವಾಯ್ಸ್ ಮೆಸೇಜು! ಆ ಹೆಂಗಸನ್ನು ಕಳಿಸಿ ಬಾಗಿಲು ಮುಂದೆ ಮಾಡಿ ಕೇಳಿದೆ.

"ವಾಲೈಕುಂ ಅಸ್ಸಲಾಂ ಸಿಸ್ಟರ್. ನಿಮ್ಮ ಸ್ಕ್ರಿಪ್ಟ್ ಮೊನ್ನೇನೇ ಓದೀನಿ. ಭಾಳ ಸಿಟ್ಟು ಬಂತು. ಸಿಟ್ಟಿನ್ಯಾಗ ಮಾತಾಡಬಾರದಂತ ಸುಮ್ಮ ಕುಂತಿದ್ದೆ. ಈಗ ಮೆಸೇಜ್ ನೋಡ್ದೆ, ಸಿಟ್ಟು ಅರ್ಧ ಹೋತು. ಉಳಿದ ಅರ್ಧ ಫೋನಿನ್ಯಾಗ ತೀರಸ್ತೀನಿ. ಜೋಹರ್ ನಮಾಜ್ ಆದ ಮ್ಯಾಲ ಫೋನ್ ಮಾಡ್ರಿ."

ನಾನು ಕೋಣೆಯಲ್ಲಿ ಒಬ್ಬಳೇ ಕುಣಿದುಬಿಟ್ಟೆ. ಬೈಸಿಕೊಳ್ಳಲು ಇಷ್ಟು ಖುಷಿಪಟ್ಟವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಮಧ್ಯಾಹ್ನ ಫೋನು ಮಾಡಿದೆ. ಉಳಿದ ಅರ್ಧ ಸಿಟ್ಟನ್ನು ಮೌಲಾನಾ ನಿಜವಾಗಿಯೂ ತೀರಿಸಿದರು.

"'ಹಜರತರು ಹೇಳುತ್ತಾರೆ' ಅಂತ ಬರದೀರಲ್ಲ, ಹಜರತ್ ಯಾವಾಗ ಹೇಳಿದ? ನಾ ಹೇಳೋ ಮೊದಲೇ ನನ್ನ ಬಾಯಾಗ ಮಾತು ತುರುಕಿ, ಆಮ್ಯಾಲ 'ನುಂಗ್ರಿ' ಅಂದ್ರ ಹ್ಯಾಂಗ್ರಿ?"

"ತಪ್ಪಾತ್ರಿ ಹಜರತ್. ಅಳಸ್ತೀನಿ."

"ಅಳಸ್ರಿ. ಎರಡನೇದು. 'ರೋಜಾ ಬಿಟ್ಟರೆ ಫಿದಿಯಾ ಕೊಟ್ಟರಾಯಿತು' ಅಂತ ಬರದೀರಿ. ಅಲ್ಲಮ್ಮಾ, ಅಷ್ಟು ಹಗುರಿಲ್ಲ ಅದು. ಈಗ ಆರಾಮಿಲ್ಲ, ಮುಂದ ಆರಾಮಾಗಿ ಹಿಡೀಬಹುದು ಅನ್ನೋರು ಬಿಟ್ಟ ರೋಜಾಗಳನ್ನ ಆಮ್ಯಾಲ ಹಿಡೀಬೇಕು. ಅದಕ್ಕ ಕಜಾ ಅಂತೀವಿ. ಇನ್ನ ಯಾವತ್ತೂ ಆಗಂಗಿಲ್ಲ ಅಂತ ಇದ್ದೋರಿಗಿ ಫಿದಿಯಾ, ಒಂದು ರೋಜಾಕ್ಕ ಒಬ್ಬ ಬಡವರ ಊಟ. ನೀವು ಎಲ್ಲಾರಿಗೂ ಒಂದೇ ಗುಳಿಗಿ ಕೊಡ್ತೀರೇನು ನಿಮ್ಮ ದವಾಖಾನ್ಯಾಗ?"

"ಇಲ್ರಿ."

"ಮತ್ತ ನಾ ಹ್ಯಾಂಗ ಕೊಡ್ಲಿ?"

ನಾನು ಗೋಡೆಯ ಕಡೆ ತಿರುಗಿ ನಾಲಿಗೆ ಕಚ್ಚಿಕೊಂಡೆ. ಅವರು ಬಿಡಲಿಲ್ಲ.

"ಮೂರನೇದು. 'ಇಂಥವರು ರೋಜಾ ಹಿಡಿಯಬೇಡಿ' ಅಂತ ನೀವೇ ಹುಕುಂ ಕೊಟ್ಟೀರಿ. ಅದು ನಿಮ್ಮ ಮಾತಲ್ಲ. ನಿಮ್ಮ ಮಾತು ಯಾವದು? 'ಇಂಥವರು ಹಿಡದ್ರ ಜೀವಕ್ಕ ಧೋಖಾ ಅದ.' ಅಷ್ಟು ಹೇಳಿ ನೀವು ನಿಂದರ್ರಿ. ಜೀವಕ್ಕ ಧೋಖಾ ಇದ್ರ ದೀನ್ ಏನಂತದ, ಅದನ್ನ ನಾ ಹೇಳ್ತೀನಿ. ಧೋಖಾ ಅದನೋ ಇಲ್ಲೋ ಅಂತ ನಾ ಹೇಳಂಗಿಲ್ಲ, ನನಗ ಆ ಇಲ್ಮ್ ಇಲ್ಲ. ಬಿಡಬಹುದೋ ಇಲ್ಲೋ ಅಂತ ನೀವು ಹೇಳಬ್ಯಾಡ್ರಿ. ಮೊದಲ ನೀವು, ಆಮ್ಯಾಲ ನಾನು. ತಿಳೀತಾ?"

ತಿಳಿಯಿತು. ಎಷ್ಟು ಚೆಂದ ತಿಳಿಯಿತು ಅಂದರೆ ನನ್ನ ಸ್ಕ್ರಿಪ್ಟು ಎಲ್ಲಿ ಮುಗ್ಗರಿಸುತ್ತಿತ್ತೋ ಅದು ಕಣ್ಣಿಗೆ ಕಂಡಿತು. ಎರಡು ಪುಟ ಪೂರ್ತಿ ನಾನೊಬ್ಬಳೇ ಡಾಕ್ಟರೂ ಆಗಿ ಮೌಲಾನಾ ಆಗಿ ಕೂಗಾಡುತ್ತಿದ್ದೆ.

"ಹಜರತ್, ಅಂದ್ರ ನೀವೇ ವಿಡಿಯೋದಾಗ ಬರ್ತೀರೇನ್ರಿ?" ಎಂದು ಕೇಳೇಬಿಟ್ಟೆ.

"ನೋಡಮು" ಎಂದರು. ಆಮೇಲೆ ದನಿ ತಗ್ಗಿಸಿ ಬೇರೆಯೇ ಮಾತು ತೆಗೆದರು. "ಸಿಸ್ಟರ್, ಒಂದು ಕೇಳ್ತೀನಿ. ನಮ್ಮ ಜಮಾತಿನ್ಯಾಗ ಒಬ್ಬರು ಕೇಳ್ಲಿಕತ್ತಿದ್ರು. ಮುಂಜಾನಿ ತಗೊಳ್ಳೋ ಶುಗರ್ ಗುಳಿಗಿ ಸಹರಿಗಿ, ನಸುಕಿನ ಊಟದ ಜೋಡಿ, ತಗೊಂಡ್ರ ಸಂಜಿ ಅಸರ್ ಹೊತ್ತಿಗಿ ಕೈ ನಡುಗ್ತಾವಂತ. ಅದು ಗುಳಿಗಿಂದೋ ವಯಸ್ಸಿಂದೋ?"

"ಗುಳಿಗಿಂದೇ ಇರಬಹುದ್ರಿ. ಕೆಲವು ಗುಳಿಗಿ ಹಂಗ ಶುಗರ್ ಇಳಸ್ತಾವ. ಹೊತ್ತು, ಡೋಸು ಎರಡೂ ಡಾಕ್ಟರನ್ನ ಕೇಳಿ ಬದಲಿ ಮಾಡ್ಕೋಬೇಕು, ತಾವೇ ಮಾಡ್ಕೋಬಾರದು."

"ಹಾಂ. ಮತ್ತ ಅರವತ್ತೈದೋ ಅರವತ್ತಾರೋ ಬಂತನ್ರಿ, ಮಗ್ರಿಬಿಗಿ, ರೋಜಾ ಬಿಡೋ ಹೊತ್ತಿಗಿ, ಅರ್ಧ ತಾಸೇ ಉಳದದ. ಅಷ್ಟೊತ್ತು ತಡೀಬಹುದಲ್ಲ?"

"ತಡೀಬಾರದ್ರಿ! ಎಪ್ಪತ್ತಕ್ಕಿಂತ ಕೆಳಗ ಬಂತಂದ್ರ ಅವಾಗಿಂದವಾಗ ಸಕ್ಕರಿ ಹೊಟ್ಟಿಗಿ ಹೋಗಬೇಕು. ಅರ್ಧ ತಾಸಿನ್ಯಾಗ ಮನಷ್ಯಾ ಖಬರ್ ತಪ್ಪಿ ಬೀಳ್ತಾನ. ಹಜರತ್, ಅವರು ಯಾರ್ರೀ? ನಮ್ಮ ಕೇಂದ್ರಕ್ಕ ಕಳಸ್ರಿ."

"ಬರ್ತಾರ, ಬರ್ತಾರ" ಎಂದರು.

ಜಮಾತಿನವರಂತೆ! ಅರವತ್ತೈದೋ ಅರವತ್ತಾರೋ ಎನ್ನುವುದು ಶುಗರ್ ಮಷಿನ್ ನೋಡಿದವರ ಬಾಯಲ್ಲಿ ಬರುವ ಮಾತು. ನನಗೆ ಆಗಲೇ ಅನುಮಾನ ಹುಟ್ಟಿತು. ತಡೆಯಲಾರದೆ ಕೇಳಿದೆ, "ಹಜರತ್, ನಿಮಗ ಶುಗರ್ ಅದ ಏನ್ರಿ?"

"ಸ್ಕ್ರಿಪ್ಟ್ ನೋಡ್ಲಿಕ್ಕ ಕೊಟ್ಟೀರೋ ನನ್ನ ನೋಡ್ಲಿಕ್ಕ ಬಂದೀರೋ?" ಎಂದು ನಕ್ಕು ಮಾತು ಹಾರಿಸಿದರು. "ತಿದ್ದಿ ಕಳಸ್ರಿ. ಮತ್ತ ಓದ್ತೀನಿ."

ತಿದ್ದಿ ಕಳಿಸಿದೆ. ಅವರು ಮತ್ತೆ ತಿದ್ದಿದರು. ಹೀಗೆ ಮೂರ್ನಾಲ್ಕು ಸಲ ಅತ್ತಿತ್ತ ಹೋಗಿ ಬಂತು. ರೋಬೋಟಿನ ಹಾಗೆ ಓದುವ ನನ್ನ ಸಾಲುಗಳನ್ನೆಲ್ಲ ಕಿತ್ತು, "ಮಂದಿ ಮಾತಾಡೋ ಹಂಗ ಬರೀರಿ" ಎಂದರು. ಎರಡು ಪುಟದ್ದು ಒಂದಾಯಿತು. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬ ಸಾಲು ಮಾತ್ರ ಅವರಿಗೆ ಬಹಳ ಹಿಡಿಸಿತು.

"ಇದು ಸರಿ ಅದ, ಆದ್ರ ಬರೇ ಬಾಯಿಲೆ ಹೇಳಿದ್ರ ಯಾರೂ ನಂಬಂಗಿಲ್ಲ. ರಕ್ತ ಬಂದ್ರ ರೋಜಾ ಹೋತು ಅಂತ ಎಷ್ಟೋ ಮಂದಿ ಮಷಿನ್ ಮುಟ್ಟಂಗಿಲ್ಲ. ನಾನೇ ಬರ್ತೀನಿ. ಶಬೆ ಬರಾತ್ ಮರುದಿನ ನನ್ನ ನಫಿಲ್ ರೋಜಾ, ಕಡ್ಡಾಯ ಅಲ್ಲದ್ದು, ಇರ್ತದ. ರೋಜಾ ಇದ್ದಾಗೇ ಎಲ್ಲಾರ ಮುಂದ ಬೆರಳು ಚುಚ್ಕೋತೀನಿ. ಉಂಡು ಬಂದು ಚುಚ್ಕೊಂಡ್ರ ಅದು ನಾಟಕ ಆಗ್ತದ."

ನಾನು ಫೋನು ಹಿಡಿದುಕೊಂಡೇ ಕುರ್ಚಿಯಿಂದ ಎದ್ದು ನಿಂತೆ. ಮೌಲಾನಾ ಬರುತ್ತಾರೆ! ಆದರೆ ಅನುಮಾನವೂ ಜೊತೆಗೇ ಎದ್ದಿತು. "ಹಜರತ್, ಶುಗರ್ ಗುಳಿಗಿ ತಗೊಳ್ತಿದ್ರ ಅವತ್ತು ರೋಜಾ ಹಿಡಿಯೋ ಮೊದಲು ಡಾಕ್ಟರ್ ಮೇಡಂಗ ಒಂದು ಮಾತು..." ಎನ್ನುವಷ್ಟರಲ್ಲಿ ಅಜಾನ್ ಕೇಳಿಸಿ ಅವರು ಫೋನು ಇಟ್ಟರು. ನಾನು ಅವತ್ತಿಗೆಂದು ಗ್ಲುಕೋಸ್ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡೆ.

ಶೂಟಿಂಗು ನಗ್ಮಾಳ ಮನೆಯ ಅಂಗಳದಲ್ಲಿ. ಫರ್ಸಿ ಕಲ್ಲು ಹಾಸಿದ ಅಂಗಳ, ಬೇವಿನ ಗಿಡದ ನೆರಳು, ಎರಡು ಕುರ್ಚಿ, ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಮಷಿನ್, ಪಟ್ಟಿ, ಹತ್ತಿ, ಸೂಜಿ. ನಗ್ಮಾ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ನೋಡುತ್ತಿದ್ದಳು. ತಾಜುನ್ನಿಸಾ ಖಾಲಾಳಂತೂ ತನ್ನ ಮನೆಗೆ ಹಜರತ್ ಬರುತ್ತಾರೆಂದು ಬೆಳಗಿನಿಂದ ಮೂರು ಸಲ ಅಂಗಳ ತೊಳೆಸಿದ್ದಳು. ಅವಳಿಗೆ ಅವತ್ತು ರೋಜಾ ಇರಲಿಲ್ಲ. "ಇದು ನಫಿಲ್ ತಾನೆ, ಸೊಸಿ ಗಂಟಲ ಹರಕೊಂಡಾಳಂತ ಬಿಟ್ಟೀನಿ" ಎಂದು ನನಗೆ ಮೊದಲೇ ಹೇಳಿ, "ಆದ್ರ ರಂಜಾನ್ ಬಿಡಂಗಿಲ್ಲ, ಈಗೇ ಹೇಳ್ತೀನಿ, ನಿನ್ನ ವಿಡಿಯೋ ಬರ್ಲಿ ಇನ್ನೊಂದು ಬರ್ಲಿ" ಎಂದೂ ಸೇರಿಸಿದ್ದಳು. ಹಜರತ್ ತನ್ನ ಮನೆಯಲ್ಲೇ ಸಂಜೆ ರೋಜಾ ಬಿಡಲಿ ಎಂದು ಖರ್ಜೂರ ತೊಳೆದಿಟ್ಟು, ಹೂಜಿ ತುಂಬ ಶರಬತ್ತು ಕಲಸಿಟ್ಟಿದ್ದಳು.

ಅಸರ್ ನಮಾಜು ಮುಗಿಸಿ ಮೌಲಾನಾ ನಗ್ಮಾಳ ಗಂಡನ ಆಟೋದಲ್ಲಿ ಬಂದರು. ಐವತ್ತು ದಾಟಿದ ಮನುಷ್ಯ, ಬಿಳಿ ಜುಬ್ಬಾ, ನಗುವ ಕಣ್ಣು. ಎಲ್ಲರಿಗೂ ಸಲಾಂ ಹೇಳಿ ಕುರ್ಚಿಗೆ ಕುಳಿತರು. ಕುಳಿತವರು ಮುಖ ಒರೆಸಿಕೊಂಡರು. ಬಿಸಿಲು ಇಳಿದಿತ್ತು, ಅಷ್ಟು ಬೆವರುವ ಹೊತ್ತಾಗಿರಲಿಲ್ಲ. ನಾನು ನೋಡುತ್ತಿದ್ದೆ.

"ಹಜರತ್, ಆರಾಮಿದ್ದೀರಿಲ್ರಿ?"

"ರಾತ್ರಿ ಇಬಾದತಿನ್ಯಾಗ ನಿದ್ದಿ ಇಲ್ಲ, ಅಷ್ಟೇ. ಶುರು ಮಾಡ್ರಿ."

ನಗ್ಮಾ ಕೈಯೆತ್ತಿದಳು. ನಾನು ನನ್ನ ಮಾತು ಹೇಳಿದೆ. ಯಾರಿಗೆ ಅಪಾಯ ಹೆಚ್ಚು, ಮೈ ನಡುಗಿ ಬೆವರು ಬಂದರೆ ಅದೇನು, ಯಾವ ಅಂಕಿ ಬಂದರೆ ತಡೆಯಬಾರದು. ಒಂದು ಸಲವೂ ತಪ್ಪಲಿಲ್ಲ! ಮೌಲಾನಾ ತಮ್ಮ ಮಾತು ಹೇಳಿದರು. ಕಾಯಿಲೆಯವರಿಗೆ ಅಲ್ಲಾಹ್ ಕೊಟ್ಟ ರಿಯಾಯಿತಿ ಹಗುರ ಮಾತಲ್ಲ, ಅದನ್ನು ತೆಗೆದುಕೊಳ್ಳುವುದೂ ಅವನ ಮಾತು ಕೇಳಿದ ಹಾಗೇ ಎಂದರು. ಆಮೇಲೆ, "ಈಗ ನಾನು ರೋಜಾ ಇದ್ದೀನಿ. ಇದನ್ನ ಮಾಡಿದ್ರ ನನ್ನ ರೋಜಾ ಮುರಿಯಂಗಿಲ್ಲ, ನೋಡ್ರಿ" ಎಂದು ಸೂಜಿ ಕೈಗೆತ್ತಿಕೊಂಡರು.

ನಾನು ತೋರಿಸಿಕೊಡಲೆಂದು ಮುಂದೆ ಬಾಗಿದ್ದೆ. ತೋರಿಸುವ ಅಗತ್ಯವೇ ಬೀಳಲಿಲ್ಲ. ಪಟ್ಟಿ ಮಷಿನಿಗೆ ಹಾಕಿದರು, ಬೆರಳಿನ ತುದಿ ಬಿಟ್ಟು ಪಕ್ಕಕ್ಕೆ ಚುಚ್ಚಿದರು, ಮೊದಲ ಹನಿಯನ್ನು ಹತ್ತಿಗೆ ಒರೆಸಿ ಎರಡನೆಯದನ್ನು ಪಟ್ಟಿಗೆ ಮುಟ್ಟಿಸಿದರು. ನನ್ನ ಪೇಷಂಟುಗಳಿಗೆ ವರ್ಷಗಟ್ಟಲೆ ಹೇಳಿದರೂ ಬರದ ಕೈಚಳಕ ಅದು.

ಮಷಿನ್ ಕುಂಯ್ ಎಂದಿತು. ಅರವತ್ತೊಂದು.

ನಾನು ಅಂಕಿಯನ್ನು ನೋಡಿದೆ, ಅವರೂ ನೋಡಿದರು. ನಗ್ಮಾಳ ಫೋನು ವಿಡಿಯೋ ತೆಗೆಯುತ್ತಲೇ ಇತ್ತು. ಸೂಜಿ ಹಿಡಿದ ಅವರ ಕೈ ನಡುಗುತ್ತಿತ್ತು, ಕಿವಿಯ ಪಕ್ಕದಿಂದ ಬೆವರು ಗಡ್ಡಕ್ಕೆ ಇಳಿಯುತ್ತಿತ್ತು.

"ಹಜರತ್, ಈಗೇ ಮುರೀಬೇಕು" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಅವರು ಆಕಾಶದ ಕಡೆ ನೋಡಿದರು. ಸೂರ್ಯ ಇನ್ನೂ ಬೇವಿನ ಗಿಡದ ಎಲೆಗಳ ನಡುವೆ ಇದ್ದ. "ಮಗ್ರಿಬ್ ಹತ್ರ ಬಂದದಲ್ಲ ಬೇಟಿ" ಎಂದರು ಮೆಲ್ಲಗೆ. ಮೊದಲ ಸಲ ನನ್ನನ್ನು ಬೇಟಿ ಎಂದದ್ದು. "ಅರ್ಧ ತಾಸಿನ ಮಾತು. ತಡೀತೀನಿ."

ನನಗೆ ಉರಿದುಹೋಯಿತು. ಇಷ್ಟು ಹೊತ್ತು ಊರಿಗೆಲ್ಲ ಹೇಳಿದ ಬಾಯಿಂದಲೇ ಈ ಮಾತು! ಚೀಲದಿಂದ ಗ್ಲುಕೋಸ್ ಪೊಟ್ಟಣ ತೆಗೆದು ಹಲ್ಲಿನಿಂದ ಹರಿಯಲು ಹೋದೆ. ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಸೆರಗು ಸರ್ರನೆ ಹಾದುಹೋಯಿತು.

ತಾಜುನ್ನಿಸಾ ಖಾಲಾ. ಕೈಯಲ್ಲಿ ತುಂಬಿದ ಶರಬತ್ತಿನ ಗ್ಲಾಸು.

"ಏನ್ ತಡೀತೀರಿ?" ಎಂದು ಗುಡುಗಿದಳು. ಹಜರತ್ ಮುಂದೆ ತಲೆಯೆತ್ತಿ ಮಾತಾಡದ ಹೆಂಗಸು! "ಯಾ ಅಲ್ಲಾ, ಏನ್ ತಡೀತೀರಿ ನೀವು? ಜೀವ ಕೊಟ್ಟವ ಅವನೇ, ರೋಜಾ ಕೇಳಿದವನೂ ಅವನೇ. ಜೀವ ಇಟ್ಕೊಂಡು ರೋಜಾ ಹಿಡೀರಿ ಅಂದಾನ, ಜೀವ ಕಳಕೊಂಡು ಹಿಡೀರಿ ಅಂದಿಲ್ಲ! ನೀವು ಇಲ್ಲಿ ಬಿದ್ರ ನಿಮ್ಮ ಹಿಂದ ಇದ್ದೋರು ಯಾರ ಮುಖ ನೋಡಬೇಕು? ನಿಮಗ ಸವಾಬಿನ ಪುಣ್ಯ ಸಿಗ್ತದ, ಅವರಿಗೇನು ಸಿಗ್ತದ? ಕುಡೀರಿ ಅಂದ್ರ ಕುಡೀರಿ!"

ಮೌಲಾನಾ ಅವಳನ್ನೇ ನೋಡಿದರು. ಎರಡೂ ಕೈಯಿಂದ ಗ್ಲಾಸು ತೆಗೆದುಕೊಂಡರು, ಬಿಸ್ಮಿಲ್ಲಾ ಎಂದರು, ಕುಡಿದರು. ಪೂರಾ ಕುಡಿದರು. ಗ್ಲಾಸಿನ ಅಂಚು ಹಲ್ಲಿಗೆ ತಾಗಿ ಟಕಟಕ ಎನ್ನುವುದು ಕೇಳುತ್ತಿತ್ತು.

ನಾನು ಅವರ ನಾಡಿ ಹಿಡಿದು ಕುಳಿತೆ. ಕಾಲು ತಾಸು ಬಿಟ್ಟು ಮತ್ತೆ ಚುಚ್ಚಿದಾಗ ತೊಂಬತ್ತೆಂಟು. ಎಷ್ಟು ಜೋರಾಗಿ "ತೊಂಬತ್ತೆಂಟು!" ಎಂದು ಕೂಗಿದೆನೆಂದರೆ ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿದರು. ಮೌಲಾನಾ ಮುಖಕ್ಕೆ ಬಣ್ಣ ಬಂದಿತ್ತು. ನಕ್ಕರು.

"ಕಲಬುರಗಿ ಡಾಕ್ಟರ್ ಹತ್ರ ತೋರಸ್ತೀನಿ ಬೇಟಿ, ಎರಡು ವರ್ಷ ಆತು. ಇಲ್ಲಿ ಯಾರಿಗೂ ಹೇಳಿಲ್ಲ. ಇಮಾಮನೇ ರೋಜಾ ಬಿಟ್ಟಾನಂತ ಮಂದಿ ಅಂದ್ರ ಹ್ಯಾಂಗ ಅಂತ ಅಂಜಿಕಿ. ನಾಳಿಗಿ ನಿಮ್ಮ ಡಾಕ್ಟರ್ ಮೇಡಂ ಹತ್ರ ಬರ್ತೀನಿ, ಗುಳಿಗಿ ಬದಲಿ ಮಾಡ್ಲಿ. ಇವತ್ತಿನ ರೋಜಾ ಆಮ್ಯಾಲ ಕಜಾ ಹಿಡೀತೀನಿ."

"ವಿಡಿಯೋದಾಗ ಇದು ಎಲ್ಲಾ ಬಂದದ್ರಿ ಹಜರತ್" ಎಂದಳು ನಗ್ಮಾ ಅಳುಕುತ್ತ. "ಕಟ್ ಮಾಡ್ಲೇನ್ರಿ? ಮೊದಲಿಂದ ತೆಗೆಯಮೇನ್ರಿ?"

ಅವರು ಒಪ್ಪದೆ ಹಾಕುವುದಿಲ್ಲ ಎಂದು ಮಾತು ಕೊಟ್ಟವಳು ನಾನೇ. ಹಾಕಬೇಕೆಂದು ಜೀವ ಹಾರುತ್ತಿತ್ತು, ಬಾಯಿ ಬಿಡಲಿಲ್ಲ.

ಮೌಲಾನಾ ಕೈ ಚಾಚಿದರು. "ತೋರಸ್ರಿ ನನಗ" ಎಂದರು. ನಗ್ಮಾ ಫೋನು ಕೊಟ್ಟಳು. ತಾವು ಆಕಾಶ ನೋಡಿ ತಡೆಯುತ್ತೇನೆ ಎಂದದ್ದನ್ನು ಅವರೇ ನೋಡಿದರು. ಖಾಲಾ ಬೈದದ್ದನ್ನು ನೋಡಿದರು. ಎರಡು ಸಲ ನೋಡಿದರು.

"ಒಂದೂ ಕಟ್ ಮಾಡಬ್ಯಾಡ್ರಿ. ಸ್ಕ್ರಿಪ್ಟಿನ್ಯಾಗ ನಾ ಇಷ್ಟು ದಿನ ಏನೇನು ತಿದ್ದಿದ್ನೋ ಅದೆಲ್ಲಾ ಇದರ ಮುಂದ ಏನೂ ಅಲ್ಲ. ಹಾಕ್ರಿ. ನನ್ನ ಹೆಸರೂ ಹಾಕ್ರಿ." ಆಮೇಲೆ ಖಾಲಾಳ ಕಡೆ ತಿರುಗಿದರು. "ಆಪಾ, ಎಷ್ಟು ಚೆಂದ ಹೇಳಿದ್ರಿ. ನನಗೂ ಈ ಮಾತು ಹಿಂಗ ಹೇಳ್ಲಿಕ್ಕ ಬಂದಿರಲಿಲ್ಲ. ಎಲ್ಲಿ ಕಲತ್ರಿ?"

ಖಾಲಾ ಖಾಲಿ ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದಳು. ಸಿಟ್ಟು ಇಳಿದು ಈಗ ಅವಳಿಗೆ ನಾಚಿಕೆಯಾಗಿತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನಂದಲ್ರಿ ಹಜರತ್ ಮಾತು" ಎಂದಳು. "ಹೋದ ವರ್ಷ ಆಂಬುಲೆನ್ಸಿನ್ಯಾಗ ನಗ್ಮಾ ಅಳ್ಕೋತ ನನಗ ಅಂದದ್ದು. ನನಗ ಖಬರಿಲ್ಲ ಅಂತ ತಿಳಕೊಂಡಿದ್ಳು. ಕಣ್ಣು ತೆರಿಲಿಕ್ಕ ಆಗಿರಲಿಲ್ಲ, ಕಿವಿ ಕೇಳ್ತಿತ್ತು."

ಸ್ಟ್ಯಾಂಡಿನ ಹಿಂದೆ ನಗ್ಮಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಒಂದು ವರ್ಷ ಅತ್ತೆ ಈ ಮಾತನ್ನು ಬಚ್ಚಿಟ್ಟುಕೊಂಡಿದ್ದಳು, ಒಂದು ವರ್ಷ ಸೊಸೆಗೆ ಗೊತ್ತೇ ಇರಲಿಲ್ಲ.

"ಹಜರತ್, ಈಗ ಹೇಳ್ರಿ" ಎಂದಳು ಖಾಲಾ. "ನಾ ಈ ರಂಜಾನ್ ಬಿಡ್ಲೇನು?"

ಮೌಲಾನಾ ನನ್ನ ಕಡೆ ಕೈ ತೋರಿಸಿದರು. "ಮೊದಲ ಬೇಟಿ ಹೇಳ್ಲಿ."

ನನ್ನ ಕೈಯಲ್ಲಿ ಕಾಗದ ಇರಲಿಲ್ಲ. "ಖಾಲಾ, ನೀವು ಇನ್ಸುಲಿನ್ ಮ್ಯಾಲ ಇದ್ದೀರಿ. ಹೋದ ವರ್ಷ ಬಿದ್ದೀರಿ. ರೋಜಾ ಹಿಡದ್ರ ನಿಮ್ಮ ಜೀವಕ್ಕ ಧೋಖಾ ಅದ. ಇದು ಮುಂದಿನ ವರ್ಷಕ್ಕೂ ಹಂಗೇ ಅಂತ ಡಾಕ್ಟರ್ ಮೇಡಂ ಹೇಳ್ಯಾರ" ಎಂದು ಹೇಳಿ ಅಲ್ಲಿಗೆ ನಿಂತೆ. ಮುಂದೆ ಒಂದು ಮಾತೂ ಆಡಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಾನು ಸುಮ್ಮನಾದದ್ದೇ ಇಲ್ಲ.

"ಹಂಗಿದ್ರ ಆಪಾ, ನಿಮಗ ರಿಯಾಯಿತಿ ಅದ" ಎಂದರು ಮೌಲಾನಾ. "ಬಿಡ್ರಿ. ಒಂದೊಂದು ರೋಜಾಕ್ಕ ಒಬ್ಬ ಬಡವರಿಗಿ ಹೊಟ್ಟಿ ತುಂಬ ಉಣಸ್ರಿ. ಗುನಾಹ್ ಇಲ್ಲ, ಪಾಪ ಇಲ್ಲ. ನಾ ಹೇಳ್ಲಿಕತ್ತೀನಿ."

ಖಾಲಾ ಗ್ಲಾಸನ್ನು ಸ್ಟೂಲಿನ ಮೇಲಿಟ್ಟಳು. ಆಮೇಲೆ ನಗ್ಮಾಳ ಹತ್ತಿರ ಹೋಗಿ ಅವಳ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿದಳು, ಒರೆಸಿದ್ದು ಸಾಲದೆಂದು ಮತ್ತೊಮ್ಮೆ ಒರೆಸಿದಳು.

"ಅಳಬ್ಯಾಡ ಸುಮ್ಮಾಗು" ಎಂದಳು. "ಈ ಸಾರಿ ಸಹರಿಗಿ ನನ್ನ ಎಬ್ಬಿಸಬ್ಯಾಡ. ಮಕ್ಕೊಂಡಿರ್ತೀನಿ."